ಬಡ್ತಿ ಸಿಕ್ಕಿದ್ದನ್ನು ಜಂಬವಿಲ್ಲದೆ ಹೇಳುವುದು: ಒಂದು ಕ್ಯಾಪ್ಷನ್, ಅದರಲ್ಲಿ ಒಂದೇ ಸಾಲಿನ ಥ್ಯಾಂಕ್ಸ್

ಗೆಳತಿಯೊಬ್ಬಳಿಗೆ ಬಡ್ತಿ ಸಿಕ್ಕಿತು. ಏಳು ವರ್ಷ ಅಕೌಂಟೆಂಟ್ ಆಗಿದ್ದವಳು ಈಗ ಅಕೌಂಟ್ಸ್ ಮ್ಯಾನೇಜರ್. ರಾತ್ರಿ ಹತ್ತಕ್ಕೆ ಮೆಸೇಜ್ ಬಂತು, "ಇದನ್ನ ಹಾಕ್ತಾ ಇದ್ದೀನಿ, ಒಂದ್ಸಲ ನೋಡು, ಜಾಸ್ತಿ ಆಯ್ತಾ?" ಅಂತ. ಕೆಳಗೆ ಇದಿತ್ತು:

"ಕನಸುಗಳು ನನಸಾಗುವ ಕ್ಷಣ! ಏಳು ವರ್ಷಗಳ ಕಠಿಣ ಪರಿಶ್ರಮ, ನಿದ್ದೆಗೆಟ್ಟ ರಾತ್ರಿಗಳು, ಲೆಕ್ಕವಿಲ್ಲದ ತ್ಯಾಗಗಳ ಫಲವಾಗಿ ಇಂದು ನಾನು ಅಕೌಂಟ್ಸ್ ಮ್ಯಾನೇಜರ್ ಹುದ್ದೆಗೇರಿದ್ದೇನೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಈ ಜವಾಬ್ದಾರಿಗೆ ನನ್ನನ್ನು ಯಾಕೆ ಆರಿಸಿದರೋ ನನಗೇ ಗೊತ್ತಿಲ್ಲ! ನನ್ನ ಈ ಪಯಣದಲ್ಲಿ ಜೊತೆಯಾದ ನನ್ನ ಎಲ್ಲ ಮಾರ್ಗದರ್ಶಕರಿಗೂ, ಹಿತೈಷಿಗಳಿಗೂ, ಸಹೋದ್ಯೋಗಿಗಳಿಗೂ ಹೃತ್ಪೂರ್ವಕ ಧನ್ಯವಾದಗಳು. ಇದು ಕೇವಲ ಆರಂಭ!"

ಇದನ್ನು ಬರೆದವಳು ಜಂಬದವಳಲ್ಲ. ಎದುರಿಗೆ ಸಿಕ್ಕರೆ ಬಡ್ತಿಯ ವಿಷಯವನ್ನು ಮೂರನೇ ಮಾತಿಗೆ ಮುಗಿಸಿ ಬೇರೆ ಸುದ್ದಿಗೆ ಹೋಗುವವಳು. ಆದರೆ ಕ್ಯಾಪ್ಷನ್ ಬರೆಯೋಕೆ ಕೂತ ತಕ್ಷಣ ನಮ್ಮ ಕೈಗೆ ಅದೆಲ್ಲಿಂದಲೋ ಭಾಷಣದ ಕನ್ನಡ ಬಂದುಬಿಡುತ್ತದೆ. ಎಣಿಸಿ ನೋಡಿ: 'ನಾನು, ನನ್ನ, ನನಗೆ' ಎಲ್ಲಾ ಸೇರಿ ಐದು ಸಲ. ಆಶ್ಚರ್ಯಸೂಚಕ ಮೂರು. ಹೆಸರು ಹೇಳಿ ಥ್ಯಾಂಕ್ಸ್ ಅಂದವರು ಸೊನ್ನೆ.

ಅವತ್ತು ರಾತ್ರಿ ಇಬ್ಬರೂ ಕೂತು ಅದನ್ನು ಮೂರು ಸಾಲಿಗೆ ಇಳಿಸಿದೆವು. ಯಾವ ಕ್ರಮದಲ್ಲಿ ಇಳಿಸಿದೆವೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಥ್ಯಾಂಕ್ಸ್ ಸಾಲನ್ನು ಮೊದಲು ಬರೆಯಿರಿ

ಎಲ್ಲರೂ ಇದನ್ನು ಕೊನೆಗೆ ಬರೆಯುತ್ತಾರೆ. ಅಷ್ಟು ಹೊತ್ತಿಗೆ ದಣಿದಿರುತ್ತಾರೆ, ಹಾಗಾಗಿ "ಎಲ್ಲರಿಗೂ ಧನ್ಯವಾದಗಳು" ಅಂತ ಬಾಗಿಲು ಹಾಕಿಬಿಡುತ್ತಾರೆ. ತಿರುಗಿಸಿ ಮಾಡಿ. ಥ್ಯಾಂಕ್ಸ್ ಸಾಲು ಗಟ್ಟಿಯಾಗಿದ್ದರೆ ಉಳಿದದ್ದು ತಾನಾಗಿಯೇ ಚಿಕ್ಕದಾಗುತ್ತದೆ, ಯಾಕೆಂದರೆ ನಿಮ್ಮ ಶ್ರಮ, ಕಲಿಕೆ, ಎಡವಿದ್ದು, ಎಲ್ಲಾ ಅದರೊಳಗೇ ಬಂದಿರುತ್ತದೆ. ಪ್ರತ್ಯೇಕವಾಗಿ ಹೊಗಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಹೆಸರು, ಬಲಗಡೆ ಆ ವ್ಯಕ್ತಿ ಮಾಡಿದ ಒಂದು ಕೆಲಸ. ಗುಣ ಬರೆಯಬೇಡಿ, ಕೆಲಸ ಬರೆಯಿರಿ. "ತುಂಬಾ ಒಳ್ಳೆಯವರು" ಅನ್ನೋದು ಗುಣ. "ಮೊದಲ ವರ್ಷ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು" ಅನ್ನೋದು ಕೆಲಸ.

ಗೆಳತಿಯ ಹಾಳೆಯಲ್ಲಿ ಏಳು ಹೆಸರು ಬಂದವು. ಅದರಲ್ಲಿ ನಾಲ್ಕರ ಮುಂದೆ ಬರೆದಿದ್ದು ಒಂದೇ ಮಾತು, "ಸಪೋರ್ಟ್ ಮಾಡಿದ್ರು". ಏನು ಸಪೋರ್ಟ್ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಸುಮ್ನೆ, ಚೆನ್ನಾಗಿದ್ರು" ಅಂದಳು. ಆ ನಾಲ್ಕು ಹೆಸರು ಕ್ಯಾಪ್ಷನ್‌ಗೆ ಬೇಡ. ಅವರಿಗೆ ಬೇರೆಯಾಗಿ ಒಂದೊಂದು ಮೆಸೇಜ್ ಕಳಿಸಿದರೆ ಸಾಕು, ಮತ್ತು ಅವರಿಗೂ ಅದೇ ಜಾಸ್ತಿ ಇಷ್ಟವಾಗುತ್ತದೆ. ಉಳಿದ ಮೂರರಲ್ಲಿ ಒಬ್ಬರು ಈಗಲೂ ಅವಳ ಬಾಸ್. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೊನೆಗೆ ಉಳಿದವರು ಇಬ್ಬರು.

ಒಂದು ಸಾಲಿಗೆ ಇಬ್ಬರು ಸರಿಯಾದ ಲೆಕ್ಕ. ಮೂವರನ್ನೂ ಹಿಡಿಸಬಹುದು, ಆದರೆ ಆಗ ಒಬ್ಬೊಬ್ಬರ ಪಾಲಿಗೆ ಎರಡು ಮೂರು ಪದ ಮಾತ್ರ ಬರುತ್ತದೆ. ನಾಲ್ಕಾದರೆ ಅದು ಹಾಜರಿ ಪುಸ್ತಕ. ನಾನೇ ಹಿಂದೊಮ್ಮೆ ಹದಿನೇಳು ಜನರನ್ನು ಟ್ಯಾಗ್ ಮಾಡಿ ಹಾಕಿದ್ದೆ. ಹದಿನೆಂಟನೆಯವರು ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಇಬ್ಬರ ಹೆಸರು ಹೇಳಿದರೆ ಬಿಟ್ಟುಹೋದವರಿಗೆ ಯಾರಿಗೂ ಬೇಜಾರಾಗುವುದಿಲ್ಲ, ಹದಿನೇಳು ಹೇಳಿದರೆ ಆಗುತ್ತದೆ. ವಿಚಿತ್ರ, ಆದರೆ ಹಾಗೇ.

ಹೆಜ್ಜೆ 2: ಕೆಲಸವನ್ನು ಹೆಸರಿನ ಮುಂದೆ ಕಟ್ಟಿ

ಇಲ್ಲಿ ಕನ್ನಡ ನಮಗೆ ಒಂದು ಅನುಕೂಲ ಕೊಟ್ಟಿದೆ. ಒಬ್ಬರು ಮಾಡಿದ್ದನ್ನೆಲ್ಲ ಅವರ ಹೆಸರಿನ ಮುಂದೆ ಪೋಣಿಸಿ ಒಂದೇ ಉಸಿರಲ್ಲಿ ಹೇಳಬಹುದು: ಕಲಿಸಿದ ಮೇಡಂ, ತಿದ್ದಿದ ಸರ್, ಕಾದು ನಿಂತ ಅಣ್ಣ. 'ಕಲಿಸಿದ', 'ತಿದ್ದಿದ', 'ಬಿಟ್ಟುಕೊಟ್ಟ' ಇಂಥ ಪದಗಳೇ ಈ ಸಾಲಿನ ಜೀವ. ಬೇರೆ ವಿಶೇಷಣ ಏನೂ ಬೇಡ.

ಗೆಳತಿಯ ಹಾಳೆಯಲ್ಲಿ ಮೊದಲ ಹೆಸರಿನ ಮುಂದೆ ಇದ್ದದ್ದು ಇದು: ಮೊದಲ ವರ್ಷ ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಅವಳು ಟೋಟಲ್ ಅನ್ನೇ ಮತ್ತೆ ಮತ್ತೆ ಕೂಡುತ್ತಿದ್ದಳು. ಮೇಡಂ ಒಬ್ಬರು ಪಕ್ಕ ಬಂದು ಕೂತು, "ಟೋಟಲ್ ನೋಡಬೇಡ, ವೋಚರ್ ನೋಡು" ಅಂದರು. ತಪ್ಪು ಕೂಡುವುದರಲ್ಲಿ ಇರಲಿಲ್ಲ, ಒಂದು ವೋಚರ್ ಎರಡು ಸಲ ಎಂಟ್ರಿ ಆಗಿತ್ತು. ಎರಡನೇ ಹೆಸರು ಒಬ್ಬ ಸರ್. ಆಡಿಟ್ ಮೀಟಿಂಗ್‌ನಲ್ಲಿ ಅವಳ ವಿಭಾಗದ ಪ್ರಶ್ನೆ ಬಂದಾಗ, ಉತ್ತರ ತಮಗೆ ಗೊತ್ತಿದ್ದರೂ ಸುಮ್ಮನಿದ್ದು ಅವಳ ಕಡೆ ನೋಡುತ್ತಿದ್ದರು. ಅವಳು ಮಾತಾಡಬೇಕಾಗುತ್ತಿತ್ತು.

ಮೊದಲ ಯತ್ನದಲ್ಲಿ ಅವಳು ಹೀಗೆ ಬರೆದಳು: "ನನ್ನಲ್ಲಿರುವ ಪ್ರತಿಭೆಯನ್ನು ಗುರುತಿಸಿ ಬೆಳೆಸಿದ ಮೇಡಂ ಮತ್ತು ಸರ್ ಅವರಿಗೆ ನಾನು ಚಿರಋಣಿ."

ಓದೋಕೆ ವಿನಯವಾಗಿಯೇ ಇದೆ ಅಲ್ವಾ? ಇನ್ನೊಂದು ಸಲ ಓದಿ. ಹೊಗಳಿಕೆ ಬಿದ್ದದ್ದು ಯಾರಿಗೆ? ಮೇಡಂ ಮಾಡಿದ್ದು ಗುರುತಿಸುವ ಕೆಲಸ ಅಷ್ಟೇ, ಪ್ರತಿಭೆ ಇದ್ದದ್ದು ಇವಳಲ್ಲಿ. ಬೇರೆಯವರ ಹೆಸರಲ್ಲಿ ತನ್ನ ಬೆನ್ನನ್ನೇ ತಟ್ಟಿಕೊಂಡ ಹಾಗಾಯಿತು. ಥ್ಯಾಂಕ್ಸ್ ಸಾಲಿನಲ್ಲಿ ಜಂಬ ಅಡಗಿ ಕೂರುವ ಜಾಗ ಇದೇ, ಮತ್ತು ಬರೆಯುವವರಿಗೆ ಇದು ಕಾಣುವುದೇ ಇಲ್ಲ. "ನನ್ನ ಶ್ರಮವನ್ನು ಮೆಚ್ಚಿದ", "ನನ್ನ ಸಾಮರ್ಥ್ಯದ ಮೇಲೆ ನಂಬಿಕೆ ಇಟ್ಟ", "ನನ್ನೊಳಗಿನ ನಾಯಕಿಯನ್ನು ಕಂಡ", ಎಲ್ಲಾ ಅದೇ ಜಾತಿ. ಪತ್ತೆ ಹಚ್ಚೋದು ಸುಲಭ: ಆ ಸಾಲಿನಲ್ಲಿ 'ನನ್ನ' ಆದಮೇಲೆ ಒಂದು ಒಳ್ಳೆಯ ಗುಣ ಬಂದಿದೆಯಾ ನೋಡಿ. ಬಂದಿದ್ದರೆ ತೆಗೆಯಿರಿ. 'ನನ್ನ' ಆದಮೇಲೆ ತಪ್ಪೋ, ಗೊಂದಲವೋ, ಭಯವೋ ಬಂದರೆ ಇರಲಿ.

ಸಾರಾ ಆಲ್ಗೋ ಮತ್ತು ಜೊತೆಗಾರರು 2016ರಲ್ಲಿ ಇದಕ್ಕೆ ಹತ್ತಿರದ ಒಂದು ವಿಷಯವನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಜೋಡಿಗಳು ಒಬ್ಬರಿಗೊಬ್ಬರು ಕೃತಜ್ಞತೆ ಹೇಳುವಾಗ ಎರಡು ಬಗೆಯ ಮಾತು ಬರುತ್ತದೆ. ಒಂದು, "ಅದರಿಂದ ನನಗೆ ಇಷ್ಟು ಉಪಯೋಗವಾಯಿತು" ಅನ್ನೋದು. ಇನ್ನೊಂದು, "ನೀನು ಹೀಗೆ ಮಾಡಿದೆ, ಅದು ದೊಡ್ಡದು" ಅಂತ ಮಾಡಿದವರನ್ನೇ ಮೆಚ್ಚುವುದು. ಕೇಳಿಸಿಕೊಂಡವರ ಮನಸ್ಸಿಗೆ ತಟ್ಟಿದ್ದು ಎರಡನೆಯ ಬಗೆ. ಅದು ದಂಪತಿ, ಪ್ರೇಮಿಗಳ ನಡುವಿನ ಮಾತು, ಆಫೀಸಿನದ್ದಲ್ಲ, ನಿಜ. ಆದರೂ ಕ್ಯಾಪ್ಷನ್ ಬರೆಯುವಾಗ ನಾನು ಇದನ್ನು ನೆನಪಿಟ್ಟುಕೊಳ್ಳುತ್ತೇನೆ. "ನಿಮ್ಮಿಂದಾಗಿ ನಾನು ಇಲ್ಲಿಗೆ ಬಂದೆ" ಅನ್ನೋ ಸಾಲಿನಲ್ಲಿ ಕೊನೆಗೆ ಉಳಿಯುವುದು ನಾನೇ. ಅವರೇನು ಮಾಡಿದರು ಅಂತ ಹೇಳಿದರೆ ಉಳಿಯುವುದು ಅವರು.

ಸರಿ, ಎರಡನೇ ಯತ್ನ: "ಲೆಕ್ಕ ತಾಳೆಯಾಗದಿದ್ದಾಗ ಪಕ್ಕ ಕೂತು, ಟೋಟಲ್ ನೋಡಬೇಡ ವೋಚರ್ ನೋಡು ಅಂತ ಕಲಿಸಿದ ಮೇಡಂಗೂ, ಉತ್ತರ ಗೊತ್ತಿದ್ದೂ ಸುಮ್ಮನಿದ್ದು ನನ್ನ ಬಾಯಿ ಬಿಡಿಸಿದ ಸರ್‌ಗೂ ಥ್ಯಾಂಕ್ಸ್."

ಇದು ನಿಂತಿತು. ಓದಿದವರಿಗೆ ಆ ಮೇಡಂ ಎಂಥವರು ಅಂತ ಗೊತ್ತಾಗುತ್ತದೆ, ಸರ್ ಎಂಥವರು ಅಂತಲೂ ಗೊತ್ತಾಗುತ್ತದೆ. ಜೊತೆಗೆ ಇವಳು ಕಲಿತು ಮೇಲೆ ಬಂದವಳು ಅನ್ನೋದೂ ಹೇಳದೆಯೇ ಗೊತ್ತಾಗುತ್ತದೆ. 'ಮಾರ್ಗದರ್ಶಕ', 'ಮೆಂಟರ್', 'ಗುರು' ಅನ್ನೋ ಯಾವ ಪದವೂ ಬೇಕಾಗಲಿಲ್ಲ ನೋಡಿ.

ಬೇರೆ ಕೆಲಸದಲ್ಲಿರುವವರಿಗೆ ಈ ಸಾಲು ಹೇಗಿರಬಹುದು ಅಂತ ಎರಡು ಉದಾಹರಣೆ. ಸಾಫ್ಟ್‌ವೇರ್‌ನವರು: "ನನ್ನ ಮೊದಲ ಕೋಡ್‌ಗೆ ನಲವತ್ತು ಕಾಮೆಂಟ್ ಹಾಕಿ, ಪ್ರತಿಯೊಂದಕ್ಕೂ ಯಾಕೆ ಅಂತ ಕೂಡ ಬರೆದ ಸರ್‌ಗೆ ಥ್ಯಾಂಕ್ಸ್." ನರ್ಸ್ ಆಗಿದ್ದವರು: "ಡ್ರಿಪ್ ಹಾಕುವಾಗ ಕೈ ನಡುಗಿದರೆ ತಾವು ಕಸಿದುಕೊಳ್ಳದೆ, ನಿಧಾನ ಅಂತ ಪಕ್ಕ ನಿಂತ ಸಿಸ್ಟರ್‌ಗೆ ಥ್ಯಾಂಕ್ಸ್." ಎರಡರಲ್ಲೂ ಆ ಕೆಲಸದ ಒಂದು ವಸ್ತು ಇದೆ, ಕಾಮೆಂಟ್, ಡ್ರಿಪ್. ಅಂಥದ್ದೊಂದು ಇದ್ದರೆ ಸಾಲು ತಾನಾಗಿ ನಿಮ್ಮದಾಗುತ್ತದೆ.

ಒಂದು ಎಚ್ಚರಿಕೆ. ಘಟನೆ ನಿಜವಾದದ್ದಾಗಿದ್ದರೆ ಸಾಲದು, ಹೊರಗೆ ಹೇಳಬಹುದಾದದ್ದೂ ಆಗಿರಬೇಕು. ಗೆಳತಿಯ ಹಾಳೆಯಲ್ಲಿ ಇನ್ನೊಂದು ಘಟನೆಯೂ ಇತ್ತು. ಅವಳು ಮಾಡಿದ ಒಂದು ದೊಡ್ಡ ತಪ್ಪನ್ನು ಮೇಲಿನವರಿಗೆ ಗೊತ್ತಾಗುವ ಮೊದಲೇ ಮೇಡಂ ರಾತ್ರೋರಾತ್ರಿ ಸರಿಪಡಿಸಿದ್ದರು. ಕಥೆ ಚೆನ್ನಾಗಿದೆ. ಆದರೆ ಬರೆದರೆ ಮೇಡಂ ಸಿಕ್ಕಿಹಾಕಿಕೊಳ್ಳುತ್ತಾರೆ.

'ಥ್ಯಾಂಕ್ಸ್'ಗೆ ಯಾವ ಪದ?

ಅವರ ಜೊತೆ ಮುಖಾಮುಖಿ ಯಾವ ಪದ ಬಳಸುತ್ತೀರೋ ಅದೇ. ದಿನವೂ "ಥ್ಯಾಂಕ್ಸ್ ಮೇಡಂ" ಅನ್ನುವವರು ಕ್ಯಾಪ್ಷನ್‌ನಲ್ಲಿ "ತಮ್ಮ ಪಾದಾರವಿಂದಗಳಿಗೆ" ಅಂದರೆ ಮೇಡಂಗೇ ನಗು ಬರುತ್ತದೆ. 'ಧನ್ಯವಾದ' ಎಲ್ಲ ಕಡೆ ಸಲ್ಲುತ್ತದೆ, ಆದರೆ 'ಧನ್ಯವಾದಗಳು' ಅಂತ ಬಹುವಚನ ಮಾಡಿ ಮುಂದೆ 'ಹೃತ್ಪೂರ್ವಕ' ಸೇರಿಸಿದರೆ ಸಮಾರಂಭದ ವಂದನಾರ್ಪಣೆ ಶುರುವಾಗುತ್ತದೆ. 'ಋಣಿ' ಒಳ್ಳೆಯ ಪದ, ತೂಕದ ಪದ. ನಿಜವಾಗಿ ಋಣ ಇದ್ದಾಗ ಬಳಸಿ. 'ಚಿರಋಣಿ'ಯನ್ನು ಎಲ್ಲರೂ ಎಲ್ಲದಕ್ಕೂ ಬಳಸಿ ಸವೆಸಿಬಿಟ್ಟಿದ್ದಾರೆ.

ಹೆಜ್ಜೆ 3: ಸುದ್ದಿಯನ್ನು ಒಂದು ವಾಕ್ಯದಲ್ಲಿ ಹೇಳಿ

ಈಗ ಮೊದಲ ಸಾಲು. ಜಂಬ ಇಲ್ಲಿ ಕ್ರಿಯಾಪದದಲ್ಲಿ ಕೂತಿರುತ್ತದೆ. ಒಂದೇ ಸುದ್ದಿಯನ್ನು ಹೀಗೆಲ್ಲ ಹೇಳಬಹುದು: ಹುದ್ದೆಯನ್ನು ಅಲಂಕರಿಸಿದ್ದೇನೆ, ಹುದ್ದೆಗೇರಿದ್ದೇನೆ, ಬಡ್ತಿ ಗಿಟ್ಟಿಸಿದ್ದೇನೆ, ಬಡ್ತಿ ಪಡೆದಿದ್ದೇನೆ, ಬಡ್ತಿ ಸಿಕ್ಕಿದೆ, ಮ್ಯಾನೇಜರ್ ಆಗಿ ಕೆಲಸ ಶುರು. ಎಡದಿಂದ ಬಲಕ್ಕೆ ಬರುತ್ತಾ ಬರುತ್ತಾ ಕುರ್ಚಿ ಕೆಳಗಿಳಿಯುತ್ತದೆ. 'ಅಲಂಕರಿಸಿದ್ದೇನೆ' ಅನ್ನೋದು ಬೇರೆಯವರು ನಿಮ್ಮ ಬಗ್ಗೆ ಹೇಳಬೇಕಾದ ಮಾತು, ನೀವೇ ಹೇಳಿಕೊಂಡರೆ ನಗೆಪಾಟಲು. 'ಸಿಕ್ಕಿದೆ' ಅಂದರೆ ಕೊಟ್ಟವರೂ ಇದ್ದಾರೆ ಅನ್ನೋದು ಪದದಲ್ಲೇ ಇದೆ. ನನಗೆ ಇಷ್ಟ ಕೊನೆಯದು, 'ಕೆಲಸ ಶುರು'. ಗೆದ್ದ ಮಾತಿಗಿಂತ ಅದರಲ್ಲಿ ಕೆಲಸದ ಮಾತು ಇದೆ.

'ನಾನು' ಬೇಕಾಗಿಲ್ಲ. ಕನ್ನಡದಲ್ಲಿ ಕ್ರಿಯಾಪದದ ತುದಿಯೇ ಯಾರು ಅಂತ ಹೇಳುತ್ತದೆ, ಅಷ್ಟು ಸಾಲದಿದ್ದರೆ ಅದು ನಿಮ್ಮದೇ ಖಾತೆ, ಇನ್ಯಾರ ಬಡ್ತಿಯನ್ನು ಹೇಳುತ್ತೀರಿ?

ಆದರೆ ಖುಷಿಯನ್ನು ಮುಚ್ಚಿಡಬೇಡಿ. ಇದು ಮುಖ್ಯ. ಜಂಬ ಬೇಡ ಅಂದ ತಕ್ಷಣ ಜನ ಇನ್ನೊಂದು ತುದಿಗೆ ಹೋಗಿ, "ಯಾಕೆ ಕೊಟ್ಟರೋ ಗೊತ್ತಿಲ್ಲ", "ನಾನೇನು ಅಂಥದ್ದು ಮಾಡಿಲ್ಲ", "ಇನ್ನು ನಿದ್ದೆ ಬಿಟ್ಟ ಹಾಗೇ, ಜವಾಬ್ದಾರಿ ಜಾಸ್ತಿ ಆಯ್ತಪ್ಪ" ಅಂತ ಗೋಳಿನ ವೇಷದಲ್ಲಿ ಬಡ್ತಿ ಹೇಳುತ್ತಾರೆ. ಓವುಲ್ ಸೆಜರ್ ಮತ್ತು ಜೊತೆಗಾರರ 2018ರ ಅಧ್ಯಯನ ಇದನ್ನೇ ನೋಡಿತು: ದೂರಿನ ಅಥವಾ ವಿನಯದ ಮುಸುಕಿನಲ್ಲಿ ಹೆಮ್ಮೆ ಹೇಳಿಕೊಳ್ಳುವವರನ್ನು ಜನ, ನೇರವಾಗಿ ಹೇಳಿಕೊಳ್ಳುವವರಿಗಿಂತ ಕಡಿಮೆ ಇಷ್ಟಪಟ್ಟರು. ಕಾರಣ, ಮುಸುಕು ಹಾಕಿದವರು ಪ್ರಾಮಾಣಿಕರಲ್ಲ ಅನಿಸುತ್ತದೆ. ಅಂದರೆ ಗೆಳತಿಯ ಮೊದಲ ಬರಹದಲ್ಲಿ ಅತಿ ಕೆಟ್ಟ ವಾಕ್ಯ "ಹುದ್ದೆಗೇರಿದ್ದೇನೆ" ಅಲ್ಲ. "ಇಷ್ಟು ಚಿಕ್ಕ ವಯಸ್ಸಿನಲ್ಲಿ ಯಾಕೆ ಆರಿಸಿದರೋ ನನಗೇ ಗೊತ್ತಿಲ್ಲ" ಅನ್ನೋದು. ಅವಳಿಗೆ ಇದನ್ನು ಒಪ್ಪಿಸೋಕೆ ಕಾಲು ಗಂಟೆ ಹಿಡಿಯಿತು. ಅದೇ ತನ್ನ ವಿನಯದ ಸಾಲು ಅಂತ ಅವಳು ನಂಬಿದ್ದಳು.

ಸುದ್ದಿಯ ಸಾಲು ಹೀಗಾಯಿತು: "ಈ ಸೋಮವಾರದಿಂದ ಅಕೌಂಟ್ಸ್ ಮ್ಯಾನೇಜರ್ ಆಗಿ ಕೆಲಸ ಶುರು, ತುಂಬಾ ಖುಷಿಯಾಗಿದೆ."

ದಿನ ಇದೆ, ಹುದ್ದೆ ಇದೆ, ಖುಷಿ ಇದೆ. ಏಳು ವರ್ಷದ ಲೆಕ್ಕ ಹೋಯಿತು, ವಯಸ್ಸು ಹೋಯಿತು, ನಿದ್ದೆಗೆಟ್ಟ ರಾತ್ರಿಗಳು ಹೋದವು. ಆ ರಾತ್ರಿಗಳ ಬಗ್ಗೆ ಅವಳು ಸ್ವಲ್ಪ ವಾದ ಮಾಡಿದಳು, "ನಿಜವಾಗ್ಲೂ ನಿದ್ದೆ ಕೆಟ್ಟಿದ್ದೀನಿ ಕಣೆ" ಅಂತ. ಕೆಟ್ಟಿರಬಹುದು. ಓದುವವರಲ್ಲೂ ಎಷ್ಟೋ ಜನ ಕೆಟ್ಟಿದ್ದಾರೆ, ಅವರಿಗೆ ಬಡ್ತಿ ಸಿಕ್ಕಿಲ್ಲ. ನಿದ್ದೆಗೆಟ್ಟಿದ್ದಕ್ಕೇ ಇದು ಬಂತು ಅಂದರೆ ಅವರು ಕಡಿಮೆ ನಿದ್ದೆಗೆಟ್ಟರು ಅಂತ ಅರ್ಥವಾಗುತ್ತದೆ.

ಹೆಜ್ಜೆ 4: ಬೇಕಿದ್ದರೆ ಮೂರನೇ ಸಾಲು

ಇದು ಕಡ್ಡಾಯವಲ್ಲ. ಎರಡು ಸಾಲಿಗೆ ನಿಲ್ಲಿಸಿದರೂ ಕ್ಯಾಪ್ಷನ್ ಪೂರ್ತಿಯಾಗಿದೆ. ಹಾಕುವುದಾದರೆ "ಇದು ಕೇವಲ ಆರಂಭ", "ಮುಂದಿನ ಅಧ್ಯಾಯಕ್ಕೆ ಸಿದ್ಧ" ಇಂಥದ್ದು ಬೇಡ, ಥ್ಯಾಂಕ್ಸ್ ಸಾಲಿನ ಎಳೆಯನ್ನೇ ಹಿಡಿದು ಮುಂದೆ ಎಳೆಯಿರಿ. ಗೆಳತಿಗೆ ಅದು ತಾನಾಗಿ ಬಂತು: "ಇನ್ಮೇಲೆ ವೋಚರ್ ನೋಡು ಅಂತ ಹೇಳೋ ಸರದಿ ನನ್ನದು." ತಮಾಷೆಯೂ ಆಯಿತು, ಕಲಿತದ್ದನ್ನು ಮುಂದೆ ದಾಟಿಸುತ್ತೇನೆ ಅನ್ನೋ ಮಾತೂ ಆಯಿತು.

ಹೆಜ್ಜೆ 5: ಟ್ಯಾಗ್ ಮತ್ತು ವಿಭಕ್ತಿಯ ಜಗಳ

ಹೆಸರನ್ನು @ ಹಾಕಿ ಟ್ಯಾಗ್ ಮಾಡಿದಾಗ ಕನ್ನಡದಲ್ಲಿ ಒಂದು ತೊಂದರೆ ಬರುತ್ತದೆ. ಟ್ಯಾಗ್‌ಗೆ 'ಗೆ', 'ಗೂ', 'ನ್ನು' ಅಂಟಿಸೋಕೆ ಹೋದರೆ ಒಂದೋ ಟ್ಯಾಗ್ ಮುರಿಯುತ್ತದೆ, ಇಲ್ಲ ಇಂಗ್ಲಿಷ್ ಅಕ್ಷರದ ಹೆಸರಿಗೆ ಕನ್ನಡದ ಬಾಲ ಅಂಟಿದ ಹಾಗೆ ಕಾಣುತ್ತದೆ. ಪರಿಹಾರ ಸುಲಭ: ಟ್ಯಾಗ್ ಆದಮೇಲೆ ಒಂದು ಜಾಗ ಬಿಟ್ಟು 'ಅವರಿಗೆ', 'ಮೇಡಂಗೂ', 'ಸರ್‌ಗೂ' ಅಂತ ಬರೆಯಿರಿ. ವಿಭಕ್ತಿಯ ಭಾರ ಆ ಪದ ಹೊರುತ್ತದೆ, ಗೌರವವೂ ಉಳಿಯುತ್ತದೆ. ಬರೀ ಟ್ಯಾಗ್ ಹಾಕಿ ಬಿಟ್ಟರೆ ಹಿರಿಯರನ್ನು ಬರೀ ಹೆಸರು ಹಿಡಿದು ಕರೆದ ಹಾಗಿರುತ್ತದೆ.

ಟ್ಯಾಗ್ ಮಾಡುವ ಮೊದಲು ಅವರಿಗೆ ಸುದ್ದಿ ನೀವೇ ಹೇಳಿರಬೇಕು, ಫೋನ್ ಮಾಡಿಯೋ ಎದುರಿಗೆ ಹೋಗಿಯೋ. ನೋಟಿಫಿಕೇಶನ್ ನೋಡಿ ಅವರಿಗೆ ಮೊದಲ ಸಲ ಗೊತ್ತಾದರೆ, ಸಾಲು ಎಷ್ಟೇ ಚೆನ್ನಾಗಿದ್ದರೂ ಥ್ಯಾಂಕ್ಸ್ ಊರಿಗೆಲ್ಲ ಹೇಳಿ ಅವರಿಗೆ ಕೊನೆಗೆ ಹೇಳಿದಂತೆ. ಅದೇ ಮಾತಿನಲ್ಲಿ "ನಿಮ್ಮ ಹೆಸರು ಹಾಕಬಹುದಾ" ಅಂತಲೂ ಕೇಳಿಬಿಡಿ. ಕೆಲವರಿಗೆ ಇಷ್ಟವಿರುವುದಿಲ್ಲ. ಆಗ ಟ್ಯಾಗ್ ಇಲ್ಲದೆ "ಮೊದಲ ವರ್ಷದ ಮೇಡಂ" ಅಂದರೂ ಸಾಲು ಕೆಡುವುದಿಲ್ಲ, ಅವರಿಗೆ ತಾವೇ ಅಂತ ಗೊತ್ತಾಗುತ್ತದೆ.

ಇನ್ನು ಬಾಸ್ ವಿಷಯ. ಈಗಿನ ಬಾಸ್ ಹೆಸರು ಬಿಟ್ಟರೆ ಏನಂದುಕೊಳ್ಳುತ್ತಾರೋ ಅನ್ನೋ ಭಯ ಎಲ್ಲರಿಗೂ ಇರುತ್ತದೆ. ಆ ಭಯಕ್ಕೆ ಸೇರಿಸಿದ ಹೆಸರು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಅದರ ಮುಂದೆ ಕೆಲಸದ ಪದ ಇರುವುದಿಲ್ಲ, ಬರೀ 'ನಮ್ಮ ನೆಚ್ಚಿನ' ಇರುತ್ತದೆ. ಬಾಸ್ ನಿಜವಾಗಿ ಏನಾದರೂ ಕಲಿಸಿದ್ದರೆ ಅವರಿಗೇ ಮೊದಲ ಜಾಗ. ಇಲ್ಲವಾದರೆ ಹೋಗಿ ಎದುರಿಗೆ ಹೇಳಿ, ಇಮೇಲ್‌ನಲ್ಲಿ ಎರಡು ಸಾಲು ಬರೆಯಿರಿ. ಗೆಳತಿ ಹಾಗೇ ಮಾಡಿದಳು.

ಹೆಜ್ಜೆ 6: ಎಲ್ಲಿ ಕತ್ತರಿಸಿಹೋಗುತ್ತದೆ ಅಂತ ನೋಡಿ

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರ ಬಿಡುತ್ತದೆ, ಲಿಂಕ್ಡ್‌ಇನ್ ಪೋಸ್ಟ್‌ಗೆ 3,000. ಅಷ್ಟು ಜಾಗ ಇದೆ ಅಂತ ತುಂಬಿಸಬೇಡಿ, ಯಾಕೆಂದರೆ ಸ್ಕ್ರಾಲ್ ಮಾಡುವವರಿಗೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ, ಉಳಿದದ್ದು `more` ಹಿಂದೆ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಒತ್ತಕ್ಷರ, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆ ಚಿಹ್ನೆ. 'ಥ್ಯಾಂಕ್ಸ್' ನಮ್ಮ ಕಣ್ಣಿಗೆ ಎರಡು ಮೂರು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು.

ಹಾಗಾಗಿ ಸುದ್ದಿ ಮೊದಲ ಸಾಲಿನಲ್ಲೇ ಬರಲಿ. ಗೆಳತಿಯ ಮೊದಲ ಬರಹ ಹಾಕಿದ್ದರೆ ಜನರಿಗೆ ಕಾಣುತ್ತಿದ್ದದ್ದು "ಕನಸುಗಳು ನನಸಾಗುವ ಕ್ಷಣ! ಏಳು ವರ್ಷಗಳ ಕಠಿಣ ಪರಿಶ್ರಮ" ಅಷ್ಟೇ. ಮದುವೆಯೋ, ಮನೆಯೋ, ಪರೀಕ್ಷೆಯೋ ಅಂತ ಊಹಿಸಬೇಕಿತ್ತು. ಥ್ಯಾಂಕ್ಸ್ ಸಾಲು ಎರಡನೆಯದಾಗಿ ಬಂದರೆ ಹೆಸರುಗಳು ಅರ್ಧವಾದರೂ ಕಣ್ಣಿಗೆ ಬೀಳುತ್ತವೆ.

ಲಿಂಕ್ಡ್‌ಇನ್‌ನಲ್ಲಿ ಇನ್ನೊಂದು ಚಿಕ್ಕ ವಿಷಯ. ಪ್ರೊಫೈಲ್‌ನಲ್ಲಿ ಹೊಸ ಹುದ್ದೆ ಸೇರಿಸುವಾಗ `Notify network` ಅನ್ನೋ ಸ್ವಿಚ್ ಇರುತ್ತದೆ. ಅದು ಆನ್ ಆಗಿದ್ದರೆ ನಿಮ್ಮ ಕ್ಯಾಪ್ಷನ್ ಹಾಕುವ ಮೊದಲೇ ಸುದ್ದಿ ಬೇರೆಯವರಿಗೆ ಹೋಗಬಹುದು. ಆಫ್ ಮಾಡಿ ಸೇವ್ ಮಾಡಿ, ಆಮೇಲೆ ನಿಮ್ಮ ಮಾತಿನಲ್ಲಿ ಹಾಕಿ. ಆಫೀಸಿನಲ್ಲಿ ಅಧಿಕೃತವಾಗಿ ಪ್ರಕಟವಾಗಿದೆಯಾ ಅಂತಲೂ ಒಮ್ಮೆ ಖಚಿತ ಮಾಡಿಕೊಳ್ಳಿ.

ಫೋಟೋ ಬಗ್ಗೆ ಒಂದೇ ಮಾತು: ಬಡ್ತಿ ಪತ್ರದ ಫೋಟೋ ಬೇಡ. ಅದರಲ್ಲಿ ಸಂಬಳ, ನೌಕರರ ಸಂಖ್ಯೆ ಏನೇನೋ ಇರುತ್ತದೆ, ಮಸುಕು ಮಾಡಿದರೂ ಒಂದು ಮೂಲೆ ಉಳಿದಿರುತ್ತದೆ. ಮೇಡಂ, ಸರ್ ಜೊತೆ ಹಳೆಯ ಫೋಟೋ ಇದ್ದರೆ ಅದಕ್ಕಿಂತ ಚೆನ್ನಾದದ್ದು ಬೇರೆ ಇಲ್ಲ.

ಹೆಜ್ಜೆ 7: ಹಾಕುವ ಮೊದಲು ಮೂರು ಸಲ ಓದಿ

ಮೊದಲ ಸಲ, ಅದೇ ಹುದ್ದೆಗೆ ಕಾಯುತ್ತಿದ್ದು ಸಿಗದವರ ಕಣ್ಣಿನಿಂದ. ಅಂಥವರೊಬ್ಬರು ಹೆಚ್ಚುಕಡಿಮೆ ಎಲ್ಲ ಕಡೆ ಇರುತ್ತಾರೆ, ನಿಮ್ಮ ಪೋಸ್ಟ್‌ಗೆ ಲೈಕ್ ಕೂಡ ಒತ್ತುತ್ತಾರೆ. 2015ರಲ್ಲಿ ಐರೀನ್ ಸ್ಕೊಪೆಲ್ಲಿಟಿ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ ಇದೆ. ತಮ್ಮ ಸಾಧನೆ ಹೇಳಿಕೊಳ್ಳುವವರು, ಕೇಳುವವರಿಗೆ ಎಷ್ಟು ಖುಷಿಯಾಗುತ್ತದೆ ಅನ್ನೋದನ್ನು ಜಾಸ್ತಿ ಅಂದಾಜು ಮಾಡುತ್ತಾರೆ, ಎಷ್ಟು ಕಿರಿಕಿರಿಯಾಗುತ್ತದೆ ಅನ್ನೋದನ್ನು ಕಡಿಮೆ ಅಂದಾಜು ಮಾಡುತ್ತಾರೆ ಅಂತ ಅದು ಕಂಡುಕೊಂಡಿತು. ನಮ್ಮ ಅಂದಾಜು ಯಾವ ಕಡೆ ತಪ್ಪುತ್ತದೆ ಅಂತ ಗೊತ್ತಾದ ಮೇಲೆ ಆ ಕಡೆಯೇ ಒಂದು ಪದ ಜಾಸ್ತಿ ಕತ್ತರಿಸಬಹುದು.

ಎರಡನೇ ಸಲ, ಥ್ಯಾಂಕ್ಸ್ ಸಾಲಿನಲ್ಲಿ ಹೆಸರನ್ನು ಬದಲಿಸಿ ಓದಿ. ಮೇಡಂ ಜಾಗದಲ್ಲಿ ಬೇರೆ ಯಾರದೋ ಹೆಸರು ಹಾಕಿದರೂ ಸಾಲು ಸರಿಯಾಗೇ ಕೂರುತ್ತದಾ? ಕೂತರೆ ನಿಮ್ಮ ಸಾಲಿನಲ್ಲಿ ಮೇಡಂ ಇಲ್ಲ ಅಂತ ಅರ್ಥ. ಹಾಳೆಗೆ ವಾಪಸ್ ಹೋಗಿ. ಮೂರನೇ ಸಲ ಜೋರಾಗಿ ಓದಿ. ಉಸಿರು ಕಟ್ಟಿದರೆ ಉದ್ದವಾಗಿದೆ. ಒಂದು ಸಾಲು ಅಂದರೆ ಫೋನ್ ಪರದೆಯ ಒಂದು ಸಾಲಲ್ಲ, ಒಂದು ವಾಕ್ಯ. ಹದಿನೈದು ಇಪ್ಪತ್ತು ಪದ ಆರಾಮಾಗಿ ಹಿಡಿಸುತ್ತದೆ, ಅದಕ್ಕಿಂತ ಮೇಲೆ ಹೋದರೆ ಓದುವವರು ಮೊದಲ ಹೆಸರನ್ನು ಮರೆತಿರುತ್ತಾರೆ. ಗೆಳತಿಯ ಸಾಲು ಈ ಗಡಿಯಲ್ಲೇ ಇತ್ತು, ಜೋರಾಗಿ ಓದುವಾಗ 'ಉತ್ತರ ಗೊತ್ತಿದ್ದೂ' ಹತ್ತಿರ ಎಡವಿದಳು. ಅದನ್ನು ತೆಗೆದು 'ಮೀಟಿಂಗ್‌ನಲ್ಲಿ ತಾವು' ಅಂತ ಮಾಡಿದೆವು. ಹಾಗೇ ಎರಡು 'ಗೂ' ಬದಲು ಕೊನೆಯಲ್ಲಿ ಒಂದು 'ಇಬ್ಬರಿಗೂ' ಇಟ್ಟೆವು, ಸಾಲು ಹಗುರವಾಯಿತು.

ಕೊನೆಗೆ ಅವಳು ಹಾಕಿದ್ದು ಇದು. ಟ್ಯಾಗ್ ಇದ್ದ ಜಾಗದಲ್ಲಿ ಹೆಸರು ತೆಗೆದಿದ್ದೇನೆ:

"ಈ ಸೋಮವಾರದಿಂದ ಅಕೌಂಟ್ಸ್ ಮ್ಯಾನೇಜರ್ ಆಗಿ ಕೆಲಸ ಶುರು, ತುಂಬಾ ಖುಷಿಯಾಗಿದೆ.
ಲೆಕ್ಕ ತಾಳೆಯಾಗದಿದ್ದಾಗ ಪಕ್ಕ ಕೂತು, ಟೋಟಲ್ ನೋಡಬೇಡ ವೋಚರ್ ನೋಡು ಅಂತ ಕಲಿಸಿದ @… ಮೇಡಂ, ಮೀಟಿಂಗ್‌ನಲ್ಲಿ ತಾವು ಸುಮ್ಮನಿದ್ದು ನನ್ನ ಬಾಯಿ ಬಿಡಿಸಿದ @… ಸರ್, ಇಬ್ಬರಿಗೂ ಥ್ಯಾಂಕ್ಸ್.
ಇನ್ಮೇಲೆ ವೋಚರ್ ನೋಡು ಅಂತ ಹೇಳೋ ಸರದಿ ನನ್ನದು."

ಹಾಕಿದ ಮೇಲೆ

ಕಾಮೆಂಟ್‌ಗಳಿಗೆ ಉತ್ತರ ಕೊಡುವಾಗ ಕ್ಯಾಪ್ಷನ್‌ನಲ್ಲಿ ಕಾಪಾಡಿಕೊಂಡದ್ದನ್ನು ಕಳೆದುಕೊಳ್ಳಬೇಡಿ. "ನಿಮಗೆ ಸಿಗಲೇಬೇಕಿತ್ತು" ಅಂತ ಯಾರಾದರೂ ಬರೆದರೆ "ಥ್ಯಾಂಕ್ಸ್" ಅಷ್ಟೇ ಸಾಕು. "ಅಯ್ಯೋ ನಂದೇನೂ ಇಲ್ಲ" ಅಂತ ಎಳೆದರೆ ಅವರು ಇನ್ನೊಂದು ಹೊಗಳಿಕೆ ಬರೆಯಬೇಕಾಗುತ್ತದೆ, ನೀವು ಇನ್ನೊಂದು ಸಲ ಅಯ್ಯೋ ಅನ್ನಬೇಕಾಗುತ್ತದೆ. "ಎಷ್ಟು ಹೈಕ್ ಆಯ್ತು" ಅಂತ ಕೇಳುವವರೂ ಬರುತ್ತಾರೆ. ನಗುವ ಎಮೋಜಿ ಹಾಕಿ ಮುಂದೆ ಹೋಗಿ.

ಗೆಳತಿಯ ಪೋಸ್ಟ್‌ಗೆ ಅಭಿನಂದನೆಗಳು ಬಂದವು, ಬೊಕೆ ಎಮೋಜಿಗಳೂ ಬಂದವು. ಸರ್ ಒಂದು ಲೈಕ್ ಒತ್ತಿ ಎಂದಿನಂತೆ ಸುಮ್ಮನಿದ್ದರು. ಮೇಡಂ ಮಾತ್ರ ರಾತ್ರಿ ಹನ್ನೊಂದಕ್ಕೆ ಬಂದು ಬರೆದರು: "ಈ ತಿಂಗಳ ಕ್ಲೋಸಿಂಗ್ ಆಯ್ತಾ?"